ಫೋನ್ ಹೋದ್ರೆ ಹೋಗ್ಲಿ, ಮೊದಲು ನಂಬರ್ ಉಳಿಸಿಕೊಳ್ಳಿ

ಒಂದು ಶನಿವಾರ ಸಂಜೆ ಯಲ್ಲಾಪುರದಿಂದ ಶಿರಸಿಗೆ ಬಸ್ಸಲ್ಲಿ ನಿಂತುಕೊಂಡೇ ಬಂದೆ. ವಾರದ ಕೊನೆ, ಬಸ್ಸು ತುಂಬಿ ತುಳುಕುತ್ತಿತ್ತು. ಶಿರಸಿ ಬಸ್ ಸ್ಟ್ಯಾಂಡಲ್ಲಿ ಇಳಿದು ಟೈಮ್ ನೋಡೋಣ ಅಂತ ಪ್ಯಾಂಟಿನ ಜೇಬಿಗೆ ಕೈ ಹಾಕಿದರೆ ಫೋನಿಲ್ಲ. ಬ್ಯಾಗು ಸುರಿದು ನೋಡಿದೆ, ಕಂಡಕ್ಟರ್ ಸೀಟಿನ ಕೆಳಗೆಲ್ಲ ಹುಡುಕಿಕೊಟ್ಟರು. ಇರಲಿಲ್ಲ. ಗೆಳೆಯನ ಫೋನಿಂದ ಕಾಲ್ ಮಾಡಿದಾಗ ಎರಡು ಸಲ ರಿಂಗ್ ಆಯ್ತು, ಮೂರನೇ ಸಲಕ್ಕೆ ಸ್ವಿಚ್ ಆಫ್. ಬಿದ್ದುಹೋದ ಫೋನು ತಾನಾಗಿ ಸ್ವಿಚ್ ಆಫ್ ಆಗೋದು ಕಡಿಮೆ.

ಹದಿನಾಲ್ಕು ಸಾವಿರದ ಫೋನು. ಹೊಟ್ಟೆ ಉರಿಯಿತು, ನಿಜ. ಆದರೆ ನಿಜವಾದ ಭಯ ಶುರುವಾಗಿದ್ದು ಹತ್ತು ನಿಮಿಷ ಬಿಟ್ಟು, ಫೋನಿನ ಹಿಂದಿನ ಕವರಲ್ಲಿ ಡೆಬಿಟ್ ಕಾರ್ಡ್ ಇಟ್ಟಿದ್ದೆ ಅಂತ ನೆನಪಾದಾಗ. ನಮ್ಮಲ್ಲಿ ಅರ್ಧ ಜನ ಹೀಗೇ ಇಡ್ತಾರೆ. ಕೆಲವರು ಆಧಾರ್ ಝೆರಾಕ್ಸನ್ನೂ ಮಡಚಿ ಅಲ್ಲೇ ತುರುಕಿರ್ತಾರೆ.

ಇದು ಯಾಕೆ ಅಪಾಯ ಅಂತ ಸ್ವಲ್ಪ ಬಿಡಿಸಿ ಹೇಳ್ತೇನೆ, ಮುಂದಿನ ಎಲ್ಲ ಕೆಲಸದ ಕ್ರಮ ಇದರ ಮೇಲೇ ನಿಂತಿದೆ. ಕಳ್ಳನಿಗೆ ನಿಮ್ಮ ಫೋನಿನ ಲಾಕ್ ತೆಗೆಯಬೇಕಾದ ಅಗತ್ಯವೇ ಇಲ್ಲ. ಸಿಮ್ ತೆಗೆದು ತನ್ನ ಫೋನಿಗೆ ಹಾಕಿದರೆ ಸಾಕು, ನಿಮ್ಮ ನಂಬರಿಗೆ ಬರೋ ಓಟಿಪಿಯೆಲ್ಲ ಅವನ ಕೈಗೆ. ಯುಪಿಐ ಪಿನ್ ಗೊತ್ತಿಲ್ಲದಿದ್ದರೂ ಹೊಸ ಪಿನ್ ಮಾಡಿಕೊಳ್ಳಲು ಬೇಕಾಗೋದು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯೋ ತಿಂಗಳು-ವರ್ಷ, ಮತ್ತೆ ಓಟಿಪಿ. ಆಧಾರ್ ಮೂಲಕ ಮಾಡೋದಾದರೆ ಆಧಾರ್ ಸಂಖ್ಯೆಯ ಮೊದಲ ಆರು ಅಂಕಿ ಮತ್ತು ಓಟಿಪಿ. ಅಂದ್ರೆ ಸಿಮ್ಮೂ ಕಾರ್ಡೂ ಒಂದೇ ಕವರಲ್ಲಿದ್ದರೆ ಬೀಗ, ಕೀಲಿ ಎರಡನ್ನೂ ಒಟ್ಟಿಗೆ ಕೊಟ್ಟ ಹಾಗೆ. ಆದ್ದರಿಂದ ಮೊದಲು ಸಾಯಬೇಕಾದ್ದು ಸಿಮ್. ಫೋನಿನ ಸರದಿ ಆಮೇಲೆ.

ಸಿಮ್ ನಿಲ್ಲಿಸೋದು ಸುಲಭ. ಅದೇ ಕಂಪನಿಯ ಸಿಮ್ ಇರುವ ಯಾರದ್ದಾದರೂ ಫೋನಿಂದ 198ಕ್ಕೆ ಕರೆ ಮಾಡಿ, ಗ್ರಾಹಕ ಸೇವೆಯವರು ಸಿಕ್ಕಿದ ಮೇಲೆ ‘ಫೋನ್ ಕಳುವಾಗಿದೆ, ನಂಬರ್ ಬ್ಲಾಕ್ ಮಾಡಿ’ ಅನ್ನಬೇಕು. ಅವರು ಕೇಳೋದು ಸಿಮ್ ಯಾರ ಹೆಸರಲ್ಲಿದೆ, ಹುಟ್ಟಿದ ದಿನಾಂಕ, ಕೊನೆಯ ರೀಚಾರ್ಜ್ ಎಷ್ಟರದ್ದು, ಇಂಥವನ್ನು. ಇಲ್ಲಿ ನಾನು ತಡವರಿಸಿದೆ. ಸಿಮ್ ನನ್ನ ಹೆಸರಲ್ಲಿಲ್ಲ, ಅಪ್ಪನ ಹೆಸರಲ್ಲಿದೆ. ಪಿಯುಸಿಗೆ ಸೇರುವಾಗ ಅವರ ಆಧಾರ್ ಕೊಟ್ಟು ತಗೊಂಡ ಸಿಮ್ಮು. ಪುಣ್ಯಕ್ಕೆ ಅಪ್ಪನ ಹುಟ್ಟಿದ ದಿನಾಂಕವೂ ರೀಚಾರ್ಜ್ ಮೊತ್ತವೂ ನೆನಪಿತ್ತು. ಏಳೂವರೆ ಹೊತ್ತಿಗೆ ನಂಬರ್ ನಿಂತಿತು. ಅವರು ಕೊಟ್ಟ ದೂರು ಸಂಖ್ಯೆಯನ್ನೂ ಸಮಯವನ್ನೂ ಕಾಗದದ ಮೇಲೆ ಬರೆದುಕೊಂಡೆ.

ಇದಕ್ಕೆ ಮೊದಲು ಫೋನ್ ಎಲ್ಲಿದೆ ಅಂತ ಗೂಗಲ್‌ನ ಫೈಂಡ್ ಹಬ್‌ನಲ್ಲಿ ನೋಡಬಾರದಿತ್ತಾ ಅಂತ ಆಮೇಲೆ ಹಲವರು ಕೇಳಿದರು. ಸಿಮ್ ನಿಲ್ಲಿಸಿದರೆ ಫೋನಿನ ಇಂಟರ್ನೆಟ್ಟೂ ನಿಲ್ಲುತ್ತೆ, ಆಮೇಲೆ ಅದು ಇರೋ ಜಾಗ ಕಾಣೋದು ಕಷ್ಟ ಅನ್ನೋದು ಸರಿಯೇ. ಫೋನ್ ಆನ್ ಇದ್ದು, ಪಕ್ಕದಲ್ಲೇ ಇಂಟರ್ನೆಟ್ ಇರೋ ಇನ್ನೊಂದು ಫೋನಿದ್ದರೆ ಎರಡು ನಿಮಿಷ ಪ್ರಯತ್ನಿಸಿ, ಅಲ್ಲಿಂದಲೇ ಲಾಕ್ ಮಾಡಿ. ಆದರೆ ಫೋನ್ ಆಫ್ ಆಗಿದ್ದರೆ, ಅಥವಾ ಕವರಲ್ಲಿ ಕಾರ್ಡಿದ್ದರೆ, ಕಾಯಬೇಡಿ ಅನ್ನೋದು ನನ್ನ ಅಭಿಪ್ರಾಯ.

ಸಿಮ್ ನಿಂತ ಮರುಕ್ಷಣ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಯುಪಿಐ, ಮೊಬೈಲ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಿ ಅಂತ ಹೇಳಿದೆ. ಕಾರ್ಡ್ ಒಂದನ್ನೇ ನಿಲ್ಲಿಸಿದರೆ ಯುಪಿಐ ತಾನಾಗಿ ನಿಲ್ಲಲ್ಲ, ಬೇರೆಯಾಗಿ ಹೇಳಬೇಕು. ಇದಕ್ಕೂ ದೂರು ಸಂಖ್ಯೆ, ಸಮಯ ಬರೆದಿಡಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ನೀವು ಬ್ಯಾಂಕಿಗೆ ತಿಳಿಸಿದ ಮೇಲೆ ಆಗೋ ಅನಧಿಕೃತ ವ್ಯವಹಾರದ ನಷ್ಟ ಬ್ಯಾಂಕಿನದ್ದು. ತಿಳಿಸೋಕೆ ಮುಂಚೆ, ನಿಮ್ಮ ಅಜಾಗರೂಕತೆಯಿಂದ ಹೋದ ದುಡ್ಡು ನಿಮ್ಮ ತಲೆಗೇ ಬರುತ್ತೆ. ಆ ಗೆರೆ ಬೀಳೋದು ನೀವು ಕರೆ ಮಾಡಿದ ನಿಮಿಷಕ್ಕೆ, ಅದಕ್ಕೇ ಸಮಯ ಬೇಕು. ದುಡ್ಡು ಆಗಲೇ ಹೋಗಿದ್ದರೆ ಬ್ಯಾಂಕಿನ ಜೊತೆಗೆ 1930ಕ್ಕೂ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ಸಹಾಯವಾಣಿ, ಯಾರ ಫೋನಿಂದ ಬೇಕಾದರೂ ಆಗುತ್ತೆ. ನನ್ನದು ಹೋಗಿರಲಿಲ್ಲ.

ಆ ರಾತ್ರಿಯೇ ಪೊಲೀಸ್ ಠಾಣೆಗೆ ಹೋದೆ. ಯಾವ ಠಾಣೆ ಅನ್ನೋದು ಬೇಡ. ‘ಬಸ್ಸಲ್ಲಿ ಹೋಗಿದ್ದಾ? ಯಲ್ಲಾಪುರದಲ್ಲೋ ಶಿರಸೀಲೋ? ನಡುವೆ ಎಲ್ಲಾದ್ರೂ ಇಳಿದಿದ್ಯಾ?’ ಅಂತ ಕೇಳಿದರು. ನನಗೆ ಗೊತ್ತಿದ್ದರಲ್ಲವೇ ಹೇಳೋದು? ಆಮೇಲೆ, ‘ಕಳೆದುಹೋಗಿದೆ ಅಂತ ಬರೆದುಕೊಡು, ಬೇಗ ಆಗುತ್ತೆ’ ಅಂದರು.

‘ಕಳೆದುಹೋಗಿದೆ’, ‘ಕಳುವಾಗಿದೆ’. ಎರಡಕ್ಕೂ ನಡುವೆ ಇರೋದು ಒಂದೆರಡು ಅಕ್ಷರದ ವ್ಯತ್ಯಾಸ, ಆದರೆ ಕಾನೂನಿನಲ್ಲಿ ಅಜಗಜಾಂತರ. ಕಳೆದುಹೋದದ್ದು ಅಪರಾಧವಲ್ಲ. ಅದಕ್ಕೆ ಸಿಗೋದು ಬರೀ ಸ್ವೀಕೃತಿ. ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮನೆಯಿಂದಲೇ ಅದನ್ನು ತಗೋಬಹುದು, ಠಾಣೆಗೆ ಹೋಗೋದೂ ಬೇಡ. ಆದರೆ ಅದರ ಮೇಲೆ ಯಾರೂ ತನಿಖೆ ಮಾಡಲ್ಲ, ಠಾಣೆಯ ಕಳವು ಪ್ರಕರಣಗಳ ಲೆಕ್ಕಕ್ಕೂ ಅದು ಬರಲ್ಲ. ಕಳುವಾದದ್ದು ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ನಿನ ಅಪರಾಧ, ಅದಕ್ಕೆ ಎಫ್‌ಐಆರ್ ಆಗಬೇಕು. ಜಾತ್ರೆ ಸಮಯದಲ್ಲಿ, ಬಸ್ ಸ್ಟ್ಯಾಂಡಲ್ಲಿ ಹೋದ ಫೋನುಗಳೆಲ್ಲ ‘ಕಳೆದುಹೋದ’ ಪಟ್ಟಿಗೆ ಸೇರಿಬಿಟ್ಟರೆ ಕಾಗದದ ಮೇಲೆ ಊರಲ್ಲಿ ಕಳ್ಳರೇ ಇರಲ್ಲ.

ಯಾವ ಠಾಣೆಯ ವ್ಯಾಪ್ತಿ ಅನ್ನೋ ಪ್ರಶ್ನೆಗೂ ಉತ್ತರ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಝೀರೋ ಎಫ್‌ಐಆರ್ ಅಂತ ಜನ ಕರೆಯೋದು ಇದನ್ನೇ. ಇ-ಮೇಲ್‌ನಂಥ ವಿದ್ಯುನ್ಮಾನ ದಾರಿಯಲ್ಲೂ ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ದಾಖಲಾದ ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ದಾಖಲಿಸೋಕೆ ಒಪ್ಪದಿದ್ದರೆ ಅದೇ ವಿಷಯವನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು. ಅವರು ಕೂರೋದು ಕಾರವಾರದಲ್ಲಿ, ನಮಗೆ ನೂರು ಕಿಲೋಮೀಟರಿಗೂ ದೂರ. ಆದರೆ ಹೋಗೋದು ಬೇಡ, ಅಂಚೆಯಲ್ಲಿ ಕಳಿಸಿದರೆ ಸಾಕು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು.

ಇಲ್ಲೊಂದು ಮಿತಿಯನ್ನೂ ಹೇಳಬೇಕು. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಾದರೆ ಹೊಸ ಕಾನೂನಿನಲ್ಲಿ ಅದು ಅಸಂಜ್ಞೇಯ ಅಪರಾಧ. ಅಂದ್ರೆ ಮ್ಯಾಜಿಸ್ಟ್ರೇಟ್ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅಜ್ಜಿಯ ಕೀಪ್ಯಾಡ್ ಫೋನು, ತೋಟದ ಕೆಲಸಕ್ಕೆ ಬರೋರ ಸೆಕೆಂಡ್ ಹ್ಯಾಂಡ್ ಫೋನು ಎಲ್ಲ ಈ ಗೆರೆಯ ಕೆಳಗೆ ಬರ್ತವೆ. ಐದು ಸಾವಿರಕ್ಕಿಂತ ಕಡಿಮೆ ಫೋನ್ ಇರೋರಿಗೆ ಆ ಫೋನೇ ಎಷ್ಟು ದೊಡ್ಡ ಆಸ್ತಿ ಅನ್ನೋದು ಕಾನೂನು ಬರೆದವರಿಗೆ ಹೊಳೆದಂತಿಲ್ಲ. ಅದಕ್ಕೇ ಖರೀದಿ ಬಿಲ್ ಇದ್ದರೆ ಒಯ್ಯಿರಿ, ಬೆಲೆಯನ್ನು ದೂರಿನಲ್ಲೇ ಬರೆಯಿರಿ. ನಾನು ‘ಬಸ್ಸಿನಲ್ಲಿ ಜೇಬಿನಿಂದ ಕಳುವಾಗಿದೆ, ಕರೆ ಮಾಡಿದಾಗ ರಿಂಗ್ ಆಗಿ ನಂತರ ಸ್ವಿಚ್ ಆಫ್ ಮಾಡಲಾಗಿದೆ’ ಅಂತ ಬರೆದು, ಬೆಲೆ ಹಾಕಿ, ಸಹಿ ಮಾಡಿ ಕೂತೆ. ಒಂದು ತಾಸು ಆಯ್ತು. ತಗೊಂಡರು.

ಭಾನುವಾರ ಏನೂ ಆಗಲಿಲ್ಲ. ಡೂಪ್ಲಿಕೇಟ್ ಸಿಮ್ ಬೇಕು ಅಂತ ಅಂಗಡಿಗೆ ಹೋದರೆ ‘ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಬರ್ಬೇಕು’ ಅಂದ್ರು. ಅವರದ್ದು ತಪ್ಪಲ್ಲ. ಆಧಾರ್ ಬಯೋಮೆಟ್ರಿಕ್ ಆಗಲಿ, ಸ್ಥಳದಲ್ಲೇ ಫೋಟೋ ತೆಗೆಯೋ ಪರಿಶೀಲನೆ ಆಗಲಿ, ಎರಡಕ್ಕೂ ಚಂದಾದಾರ ಖುದ್ದಾಗಿ ಎದುರಿಗಿರಬೇಕು. ಹಾಗಿಲ್ಲದಿದ್ದರೆ ಯಾರು ಬೇಕಾದರೂ ನಿಮ್ಮ ನಂಬರಿನ ಸಿಮ್ ತಗೊಂಡು ಹೋಗ್ತಿದ್ರು. ಸಿಮ್ ಸ್ವಾಪ್ ವಂಚನೆ ನಡೆಯೋದೇ ಹಾಗೆ.

ಆದರೆ ನಮ್ಮ ಕಡೆ ಇದರ ಅರ್ಥ ಏನು ನೋಡಿ. ಅಪ್ಪ ಇರೋದು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳೀಲಿ. ಮನೆಯೊಳಗೆ ಸಿಗ್ನಲ್ ಇಲ್ಲ, ಗುಡ್ಡ ಹತ್ತಿದರೆ ಸಿಗುತ್ತೆ. ನನಗೆ ಬಾಯಿಪಾಠ ಇದ್ದದ್ದು ಅವರ ನಂಬರ್ ಒಂದೇ, ಅದು ‘ವ್ಯಾಪ್ತಿ ಪ್ರದೇಶದಿಂದ ಹೊರಗಿದೆ’. ಕೊನೆಗೆ ಪಕ್ಕದ ಮನೆಯವರ ವೈಫೈಗೆ ವಾಟ್ಸಾಪ್ ಕಾಲ್ ಮಾಡಿಸಿ ಅಪ್ಪನನ್ನು ಹಿಡಿದೆವು. ‘ಗಾಬರಿ ಬೇಡ ತಮಾ, ಸೋಮವಾರ ನಾನೇ ಬರ್ತೆ’ ಅಂದ್ರು. ಸೋಮವಾರ ಬೆಳಿಗ್ಗೆ ಬಸ್ ಹಿಡಿದು, ತೋಟದ ಕೆಲಸ ಬಿಟ್ಟು, ಆಧಾರ್ ಕಾರ್ಡಿನ ಮೂಲಪ್ರತಿ ಹಿಡಿದುಕೊಂಡು ಬಂದ್ರು.

ನನಗೆ ಅಪ್ಪ ಇದ್ದಾರೆ, ಬಂದ್ರು. ಗಂಡನ ಹೆಸರಲ್ಲಿ ಸಿಮ್ ಇದ್ದು ಈಗ ಗಂಡನಿಂದ ದೂರ ಇರೋ ಹೆಂಗಸರು ಏನು ಮಾಡಬೇಕು? ಹತ್ತು ವರ್ಷದಿಂದ ಅವರದ್ದೇ ನಂಬರ್ ಅದು. ರೇಷನ್ ಕಾರ್ಡಿಗೆ, ಬ್ಯಾಂಕಿಗೆ, ಗೃಹಲಕ್ಷ್ಮಿಗೆ ಅದನ್ನೇ ಕೊಟ್ಟಿರ್ತಾರೆ. ಆದರೆ ಕಂಪನಿಯ ಪುಸ್ತಕದಲ್ಲಿ ಆ ನಂಬರಿನ ಒಡೆಯ ಬೇರೆ. ಹೊರಗೆ ದುಡಿಯೋಕೆ ಹೋದ ಅಣ್ಣನ ಹೆಸರಲ್ಲಿ, ತೀರಿಹೋದ ಅಜ್ಜನ ಹೆಸರಲ್ಲಿ ಇರೋ ಸಿಮ್ಮುಗಳ ಕಥೆಯೂ ಇದೇ. ನಂಬರ್ ಕೈಯಲ್ಲಿರುವಾಗಲೇ, ಹೆಸರಲ್ಲಿರೋರು ಸಿಗುವಾಗಲೇ, ಇಬ್ಬರೂ ಹೋಗಿ ಮಾಲೀಕತ್ವ ಬದಲಾಯಿಸಿಕೊಳ್ಳೋದು ಇದಕ್ಕಿರೋ ನೇರ ದಾರಿ. ನಿಮ್ಮ ಹೆಸರಲ್ಲಿ ಯಾವ್ಯಾವ ನಂಬರಿದೆ ಅಂತ sancharsaathi.gov.in ನಲ್ಲಿ ನಿಮ್ಮ ಮೊಬೈಲ್ ನಂಬರ್ ಮತ್ತು ಓಟಿಪಿ ಹಾಕಿ ನೋಡಬಹುದು. ಫೋನ್ ಹೋಗೋಕೆ ಮುಂಚೆ ನೋಡಿ, ಹೋದ ಮೇಲೆ ಆ ಓಟಿಪಿಯೂ ಬರಲ್ಲ.

ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಹೊಸ ಸಿಮ್ ಚಾಲೂ ಆಯ್ತು. ಗೆಳೆಯ ಕೊಟ್ಟ ಹಳೇ ಫೋನಿಗೆ ಹಾಕಿದೆ. ಕಾಲ್ ಹೋಯ್ತು, ಬಂತು, ಇಂಟರ್ನೆಟ್ಟೂ ಬಂತು. ಯುಪಿಐ ಆ್ಯಪ್ ಹಾಕಿದೆ, ‘ಎಸ್‌ಎಂಎಸ್ ಕಳಿಸಲು ಆಗುತ್ತಿಲ್ಲ’ ಅಂತು. ಓಟಿಪಿ ಬರಲಿಲ್ಲ. ಸಂಜೆ ಮತ್ತೆ ಅಂಗಡಿಗೆ ಹೋದೆ. ‘ಸಿಮ್ಮೇ ಪ್ರಾಬ್ಲೆಮ್ ಇರ್ಬೇಕು, ಬೇರೆ ಕೊಡ್ಲಾ?’ ಅಂದ ಅಲ್ಲಿದ್ದ ಹುಡುಗ. ತಗೊಂಡಿದ್ದರೆ ಕೆಲಸ ಕೆಡುತ್ತಿತ್ತು.

ಸಿಮ್ಮಿನಲ್ಲಿ ಏನೂ ದೋಷ ಇರಲಿಲ್ಲ. ಡೂಪ್ಲಿಕೇಟ್ ಸಿಮ್ ಚಾಲೂ ಆದ ಮೇಲೆ 24 ತಾಸು ಆ ನಂಬರಿಗೆ ಎಸ್‌ಎಂಎಸ್ ಬರಬಾರದು, ಅದರಿಂದ ಹೋಗಲೂಬಾರದು ಅನ್ನೋದು ದೂರಸಂಪರ್ಕ ಇಲಾಖೆಯ ನಿಯಮ. ಯಾರಾದರೂ ಮೋಸದಿಂದ ನಿಮ್ಮ ನಂಬರಿನ ಸಿಮ್ ತಗೊಂಡರೂ ಆ ಒಂದು ದಿನ ಓಟಿಪಿ ಸಿಗದಿರಲಿ, ಅಷ್ಟರಲ್ಲಿ ನಿಜವಾದ ಮಾಲೀಕರು ನೆಟ್‌ವರ್ಕ್ ಹೋಗಿದ್ದನ್ನು ಗಮನಿಸಿ ದೂರು ಕೊಡಲಿ ಅನ್ನೋದು ಇದರ ಹಿಂದಿನ ಲೆಕ್ಕ. ಒಳ್ಳೇ ನಿಯಮವೇ. ಆದರೆ ಇದನ್ನು ನನಗೆ ಸಿಮ್ ಕೊಡುವಾಗ ಯಾರೂ ಹೇಳಲಿಲ್ಲ. ಗಾಬರಿಯಲ್ಲಿ ಎರಡನೇ ಸಲ ಸಿಮ್ ಬದಲಾಯಿಸಿದರೆ ಅದೂ ಹೊಸ ಸಿಮ್ಮೇ, 24 ತಾಸು ಮತ್ತೆ ಸೊನ್ನೆಯಿಂದ ಶುರು.

ಇದು ನಿಯಮದ ಮೌನವೋ, ನಿಜವಾದ ದೋಷವೋ ಅಂತ ತಿಳಿಯೋದು ಹೇಗೆ? ಕಾಲ್ ಮತ್ತು ಇಂಟರ್ನೆಟ್ ಎರಡೂ ಸರಿಯಿದ್ದು ಎಸ್‌ಎಂಎಸ್ ಮಾತ್ರ ಎರಡೂ ಕಡೆಯಿಂದ ಬಂದ್ ಆಗಿದ್ದರೆ ಅದು ನಿಯಮ, ಕಾಯಿರಿ. ಕಾಲೂ ಇಲ್ಲ ಅಂದ್ರೆ ಸಿಮ್ ಇನ್ನೂ ಚಾಲೂ ಆಗಿಲ್ಲ. 24 ತಾಸು ದಾಟಿದ ಮೇಲೂ ಎಸ್‌ಎಂಎಸ್ ಬರದಿದ್ದರೆ ಆಗ ದೂರು ಕೊಡಿ. ವಾಟ್ಸಾಪ್ ಮಾತ್ರ ಕಾಯಬೇಕಿಲ್ಲ, ಕೋಡನ್ನು ಎಸ್‌ಎಂಎಸ್ ಬದಲು ಫೋನ್ ಕರೆಯಲ್ಲಿ ಕೇಳಿಸಿಕೊಳ್ಳೋ ಆಯ್ಕೆ ಇದೆ. ಹೊಸ ಫೋನಲ್ಲಿ ವಾಟ್ಸಾಪ್ ಶುರುವಾದ ಕೂಡಲೇ ಹಳೇ ಫೋನಿಂದ ಅದು ಹೊರಬೀಳುತ್ತೆ. ಯುಪಿಐ ಆಗಲ್ಲ, ಯಾಕಂದ್ರೆ ಆ್ಯಪ್ ನಿಮ್ಮ ನಂಬರಿಂದ ತಾನೇ ಒಂದು ಎಸ್‌ಎಂಎಸ್ ಕಳಿಸಿ ಫೋನನ್ನು ಗುರುತು ಹಿಡಿಯುತ್ತೆ. ಅದು ಆದ ಮೇಲೂ ಹೊಸ ಫೋನಿಗೆ ಮೊದಲ ದಿನ ಕಡಿಮೆ ಮೊತ್ತದ ಮಿತಿ ಇರುತ್ತೆ. ಹಾಗಾಗಿ ಫೋನ್ ಕಳಕೊಂಡೋರು ಕೆಲವು ದಿನ ಯುಪಿಐ ಇಲ್ಲದೆ ಬದುಕೋ ಲೆಕ್ಕ ಹಾಕಿಕೊಳ್ಳಬೇಕು. ಸೋಮವಾರವೇ ಪಾಸ್‌ಬುಕ್ ಒಯ್ದು ಬ್ಯಾಂಕಲ್ಲಿ ಎರಡು ಸಾವಿರ ಕ್ಯಾಶ್ ತೆಗೆದಿಟ್ಟುಕೊಂಡೆ. ಆ ಒಂದು ಕೆಲಸ ಬುದ್ಧಿವಂತಿಕೆಯಿಂದ ಮಾಡಿದೆ.

ಈ 24 ತಾಸು ಮುಂದಿನ ಹೆಜ್ಜೆಗೂ ಅಡ್ಡ ಬರುತ್ತೆ. ಆ ಹೆಜ್ಜೆ ಫೋನನ್ನೇ ಬ್ಲಾಕ್ ಮಾಡೋದು. ಇದು ಸಿಮ್ ಬ್ಲಾಕ್‌ಗಿಂತ ಬೇರೆ. ಪ್ರತಿ ಫೋನಿಗೂ ಐಎಂಇಐ ಅನ್ನೋ 15 ಅಂಕಿಯ ಗುರುತಿದೆ, ಎರಡು ಸಿಮ್ಮಿನ ಫೋನಿಗೆ ಎರಡು. ಸಿಇಐಆರ್ ಅನ್ನೋ ಕೇಂದ್ರ ಸರ್ಕಾರದ ದಾಖಲೆಯಲ್ಲಿ ಅದನ್ನು ಕಪ್ಪುಪಟ್ಟಿಗೆ ಸೇರಿಸಿದರೆ ದೇಶದ ಯಾವ ಕಂಪನಿಯ ಸಿಮ್ ಹಾಕಿದರೂ ಆ ಫೋನಿಗೆ ನೆಟ್‌ವರ್ಕ್ ಸಿಗಲ್ಲ. ಸಂಚಾರ್ ಸಾಥಿ ಪೋರ್ಟಲ್ ಮೂಲಕ 2023ರ ಮೇ ತಿಂಗಳಿಂದ ಇದು ದೇಶಕ್ಕೆಲ್ಲ ಸಿಗ್ತಿದೆ. ಹೆಸರು ಕೇಳಿದ ಹಾಗಿದೆಯಾ? 2025ರ ಡಿಸೆಂಬರ್ ಮೊದಲ ವಾರ ನಾವೆಲ್ಲ ಜಗಳ ಆಡಿದ್ದು ಇದರ ಆ್ಯಪ್ ಬಗ್ಗೆಯೇ. ಎಲ್ಲ ಹೊಸ ಫೋನಲ್ಲೂ ಕಡ್ಡಾಯವಾಗಿ ಹಾಕಿರಬೇಕು ಅಂತ ಸರ್ಕಾರ ಹೇಳಿ, ವಿರೋಧ ಬಂದ ಮೇಲೆ ಕಡ್ಡಾಯವನ್ನು ವಾಪಸ್ ತಗೊಂಡಿತು. ಆ ವಿರೋಧ ಸರಿಯಿತ್ತು ಅಂತಲೇ ನಾನು ಈಗಲೂ ಅಂದುಕೊಂಡಿದ್ದೇನೆ. ಆದರೆ ಫೋನ್ ಬ್ಲಾಕ್ ಮಾಡೋಕೆ ಆ ಆ್ಯಪ್ ಬೇಕಾಗಿಯೇ ಇಲ್ಲ, ಯಾರದ್ದಾದರೂ ಕಂಪ್ಯೂಟರಲ್ಲಿ ವೆಬ್‌ಸೈಟ್ ತೆರೆದರೆ ಆಯ್ತು.

ceir.gov.in ನಲ್ಲಿ ಕಳೆದ ಅಥವಾ ಕಳುವಾದ ಮೊಬೈಲ್ ಬ್ಲಾಕ್ ಮಾಡೋ ಫಾರ್ಮ್ ಇದೆ. ಹೋದ ನಂಬರ್, ಎರಡೂ ಐಎಂಇಐ, ಕಂಪನಿ, ಮಾಡೆಲ್, ಹೋದ ಜಾಗ ಮತ್ತು ದಿನಾಂಕ, ಠಾಣೆ, ದೂರು ಸಂಖ್ಯೆ ತುಂಬಬೇಕು. ದೂರಿನ ಪ್ರತಿ, ಗುರುತಿನ ಚೀಟಿ, ಇದ್ದರೆ ಬಿಲ್ ಸೇರಿಸಬೇಕು. ಕೊನೆಗೆ ಓಟಿಪಿ. ಅದಕ್ಕೇ ಪೋರ್ಟಲ್ಲೇ ಹೇಳುತ್ತೆ, ಮೊದಲು ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ತಗೊಂಡು ಬನ್ನಿ, ಅದಕ್ಕೆ ಎಸ್‌ಎಂಎಸ್ ಶುರುವಾಗೋದು 24 ತಾಸಿನ ನಂತರ ಅಂತ. ನನಗೆ ಓಟಿಪಿ ಬಂದದ್ದು ಮಂಗಳವಾರ ಮಧ್ಯಾಹ್ನ. ಐಎಂಇಐ ಫೋನಿನ ಡಬ್ಬಿ ಮೇಲಿತ್ತು, ಡಬ್ಬಿ ಸಿದ್ದಾಪುರದ ಮನೆಯ ಅಟ್ಟದ ಮೇಲಿತ್ತು. ಅಮ್ಮ ಹುಡುಕಿ, ಫೋಟೋ ತೆಗೆದು ಪಕ್ಕದ ಮನೆ ವೈಫೈಯಿಂದ ಕಳಿಸಿದರು. ಡಬ್ಬಿ ಎಸೆದಿದ್ದರೆ ಬಿಲ್ಲಿನಲ್ಲಿ ನೋಡಿ, ಅದೂ ಇಲ್ಲದಿದ್ದರೆ ಗೂಗಲ್ ಖಾತೆಯ ಫೈಂಡ್ ಹಬ್‌ನಲ್ಲಿ ಸಿಗುತ್ತೆ. ಫೋನ್ ಕೈಯಲ್ಲಿರೋರು ಈಗಲೇ *#06# ಒತ್ತಿ, ಬಂದ ಅಂಕಿಗಳನ್ನು ಕಾಗದದ ಮೇಲೆ ಬರೆದು ಪಾಸ್‌ಬುಕ್ಕಿನ ಒಳಗಿಡಿ.

ಫಾರ್ಮ್ ಕಳಿಸಿದ ಮೇಲೆ ಒಂದು ರಿಕ್ವೆಸ್ಟ್ ಐಡಿ ಬರುತ್ತೆ. ಅದನ್ನು ಕಳಕೊಂಡರೆ ಮುಂದೆ ಕಷ್ಟ. ಫೋನಿನ ಸ್ಥಿತಿ ನೋಡೋಕೂ, ಫೋನ್ ಸಿಕ್ಕಿದರೆ ಬ್ಲಾಕ್ ತೆಗೆಯೋಕೂ ಅದೇ ಬೇಕು. ನನ್ನದು ಬುಧವಾರ ಬ್ಲಾಕ್ ಆಯ್ತು. ಬ್ಲಾಕ್ ಆದ ಫೋನಿಗೆ ಯಾರಾದರೂ ಸಿಮ್ ಹಾಕಿದರೆ ಆ ಸುಳಿವು ಪೊಲೀಸರಿಗೆ ಹೋಗುತ್ತೆ. ಈಗ ಠಾಣೆಗಳು ‘ವಾರಸುದಾರರಿಗೆ ಫೋನ್ ಹಸ್ತಾಂತರ’ ಅಂತ ಸಾಲಾಗಿಟ್ಟು ಫೋಟೋ ತೆಗೆಸೋ ಫೋನುಗಳೆಲ್ಲ ಹೆಚ್ಚಾಗಿ ಹೀಗೆ ಸಿಕ್ಕಿದವು. ಆದರೆ ವೈಫೈಯಲ್ಲಿ ಫೋನ್ ನಡೆದೇ ನಡೆಯುತ್ತೆ. ಬಿಡಿಭಾಗ ಮಾಡಿ ಮಾರಿದರೆ ಸುಳಿವೇ ಬರಲ್ಲ. ಐಎಂಇಐ ತಿದ್ದೋದು 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇರೋ ಅಪರಾಧ, ಆದರೂ ತಿದ್ದೋರು ತಿದ್ದುತ್ತಾರೆ. ‘ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ’ ಅಂತ ಮೆಸೇಜ್ ಬಂದರೆ ಒತ್ತಬೇಡಿ. ಲಾಕ್ ತೆಗೆಸಿಕೊಳ್ಳೋಕೆ ಕಳ್ಳರೇ ಹಾಗೆ ಕಳಿಸ್ತಾರೆ.

ನನ್ನ ಫೋನ್ ಇನ್ನೂ ಸಿಕ್ಕಿಲ್ಲ. ಗೆಳೆಯನ ಫೋನ್ ವಾಪಸ್ ಕೊಡಬೇಕಿತ್ತು, ಹೊಸದಕ್ಕೆ ದುಡ್ಡಿಲ್ಲ, ಒಂದು ಸೆಕೆಂಡ್ ಹ್ಯಾಂಡ್ ನೋಡಿದೆ. ಕೊಳ್ಳುವ ಮೊದಲು ಅದರಲ್ಲಿ *#06# ಒತ್ತಿ, ಬಂದ ಅಂಕಿಯನ್ನು KYM ಅಂತ ಬರೆದು ಒಂದು ಸ್ಪೇಸ್ ಬಿಟ್ಟು ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿದೆ. ಕಪ್ಪುಪಟ್ಟಿಯಲ್ಲಿದೆ ಅಂತ ಉತ್ತರ ಬಂತು. ಅಂಗಡಿಯವರಿಗೆ ತೋರಿಸಿದೆ. ಅವರು ಏನೂ ಮಾತಾಡದೆ ಅದನ್ನು ಒಳಗಿಟ್ಟು, ಇನ್ನೊಂದು ಫೋನ್ ತೆಗೆದು ಮುಂದಿಟ್ಟರು. ಅದರಲ್ಲೂ *#06# ಒತ್ತಿದೆ.